ಬೈಲೀನಿಯರ್ ಪರಿವರ್ತನೆ ಕೊಡುವ ಭರವಸೆ ಎಲ್ಲಿಯವರೆಗೆ?

ನಿರಂತರ ಕಾಲದಲ್ಲಿ ವಿನ್ಯಾಸಗೊಂಡ ನಿಯಂತ್ರಕವನ್ನು ಮೈಕ್ರೋಕಂಟ್ರೋಲರ್‌ಗೆ ಇಳಿಸುವಾಗ ಬೈಲೀನಿಯರ್ ಪರಿವರ್ತನೆಯನ್ನು ಬಳಸಿದವರು ಸಾಮಾನ್ಯವಾಗಿ ಒಂದು ಮಾತನ್ನು ಹೇಳುತ್ತಾರೆ: ಈ ವಿಧಾನವು ಸ್ಥಿರತೆಯನ್ನು ಕಾಪಾಡುತ್ತದೆ, ಆದ್ದರಿಂದ ಡಿಜಿಟಲ್ ವ್ಯವಸ್ಥೆಯೂ ಸ್ಥಿರವಾಗಿಯೇ ಇರುತ್ತದೆ. ಈ ವಾಕ್ಯದ ಮೊದಲರ್ಧ ಸರಿ, ಎರಡನೆಯ ಅರ್ಧ ತಪ್ಪು. ಕಾಪಾಡಲ್ಪಡುವುದು ನಿಯಂತ್ರಕದ ಸ್ಥಿರತೆ ಮಾತ್ರ. ನಿಯಂತ್ರಕ, ಮೋಟರು ಮತ್ತು ಹಿಮ್ಮಾಹಿತಿ ಸೇರಿ ಆಗುವ ಮುಚ್ಚಿದ ಲೂಪಿನ ಬಗ್ಗೆ ಈ ಪರಿವರ್ತನೆ ಏನನ್ನೂ ಹೇಳುವುದಿಲ್ಲ. ಆ ಲೂಪನ್ನು z-ಸಮತಲದಲ್ಲಿ ಬೇರೆಯಾಗಿಯೇ ಪರೀಕ್ಷಿಸಬೇಕಾಗುತ್ತದೆ. ಕೈಯಲ್ಲೇ ಲೆಕ್ಕ ಹಾಕಬಹುದಾದ ಒಂದು ಉದಾಹರಣೆಯ ಮೂಲಕ ಈ ಎರಡೂ ಭಾಗಗಳನ್ನು ನೋಡೋಣ.

ಪರಿವರ್ತನೆಯ ಮೂಲ ಬಹಳ ಸರಳ. ಒಂದು ಸಂಕೇತದ ಅನುಕಲವನ್ನು, ಅಂದರೆ ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು, T ಸೆಕೆಂಡಿಗೊಮ್ಮೆ ತೆಗೆದ ಸ್ಯಾಂಪಲ್‌ಗಳಿಂದ ಅಂದಾಜು ಮಾಡಬೇಕಾದಾಗ ಎರಡು ನೆರೆಯ ಸ್ಯಾಂಪಲ್‌ಗಳ ನಡುವೆ ನೇರ ಗೆರೆ ಎಳೆದು ಸಿಗುವ ತ್ರಾಪಿಜ್ಯದ ವಿಸ್ತೀರ್ಣವನ್ನು ಕೂಡಿಸುತ್ತಾ ಹೋಗಬಹುದು. ಇದನ್ನು ಬರೆದರೆ ಹೀಗಾಗುತ್ತದೆ:

```
y[k] = y[k-1] + (T/2)(x[k] + x[k-1])
```

ನಿರಂತರ ಕಾಲದಲ್ಲಿ ಅನುಕಲವೆಂದರೆ 1/s. ಮೇಲಿನ ಸಮೀಕರಣದ z-ರೂಪವೆಂದರೆ (T/2)(z+1)/(z−1). ಎರಡನ್ನೂ ಸಮ ಮಾಡಿದರೆ ಎಲ್ಲ ಪಠ್ಯಗಳಲ್ಲಿ ಕಾಣುವ ಸೂತ್ರ ದೊರೆಯುತ್ತದೆ:

```
s = (2/T) (z - 1)/(z + 1)
```

ಬ್ರಿಟಿಷ್ ಎಂಜಿನಿಯರ್ ಆರ್ನಲ್ಡ್ ಟಸ್ಟಿನ್ 1947ರಲ್ಲಿ ಪ್ರಕಟಿಸಿದ ಕೆಲಸದಿಂದಾಗಿ ನಿಯಂತ್ರಣ ಶಾಸ್ತ್ರದಲ್ಲಿ ಇದಕ್ಕೆ ಟಸ್ಟಿನ್ ವಿಧಾನವೆಂಬ ಹೆಸರೂ ಇದೆ.

ಇದು ಸ್ಥಿರತೆಯನ್ನು ಏಕೆ ಕಾಪಾಡುತ್ತದೆ ಎಂಬುದಕ್ಕೆ ಬೀಜಗಣಿತಕ್ಕಿಂತ ಚಿತ್ರವೇ ಚೆನ್ನಾಗಿ ಉತ್ತರ ಕೊಡುತ್ತದೆ. ಸೂತ್ರವನ್ನು ತಿರುಗಿಸಿ ಬರೆದರೆ z = (2/T + s)/(2/T − s) ಎಂದಾಗುತ್ತದೆ. ಇಲ್ಲಿ ಅಂಶದ ಪರಿಮಾಣವೆಂದರೆ s ಬಿಂದುವಿಗೂ −2/T ಬಿಂದುವಿಗೂ ಇರುವ ದೂರ. ಛೇದದ ಪರಿಮಾಣವೆಂದರೆ s ಬಿಂದುವಿಗೂ +2/T ಬಿಂದುವಿಗೂ ಇರುವ ದೂರ. ಆದ್ದರಿಂದ |z| ಎಂಬುದು ಈ ಎರಡು ದೂರಗಳ ಅನುಪಾತವಷ್ಟೇ. s ಬಿಂದುವು ಎಡ ಅರ್ಧಸಮತಲದಲ್ಲಿದ್ದರೆ ಅದು −2/T ಬಿಂದುವಿಗೇ ಹತ್ತಿರವಾಗಿರುತ್ತದೆ, ಹಾಗಾಗಿ ಅನುಪಾತ ಒಂದಕ್ಕಿಂತ ಕಡಿಮೆ. ಕಾಲ್ಪನಿಕ ಅಕ್ಷದ ಮೇಲಿದ್ದರೆ ಎರಡೂ ದೂರಗಳು ಸಮ, ಅನುಪಾತ ಒಂದು. ಬಲಗಡೆಯಿದ್ದರೆ ಒಂದಕ್ಕಿಂತ ಹೆಚ್ಚು. ಹೀಗೆ ಇಡೀ ಎಡ ಅರ್ಧಸಮತಲವು ಏಕಮಾನ ವೃತ್ತದ ಒಳಗೆ ಬಂದು ಕೂರುತ್ತದೆ, ಮತ್ತು T ಎಷ್ಟೇ ದೊಡ್ಡದಾದರೂ ಇದು ಬದಲಾಗುವುದಿಲ್ಲ. ಮುಂದಿನ ವ್ಯತ್ಯಾಸವನ್ನು ಬಳಸುವ ಆಯ್ಲರ್ ವಿಧಾನದಲ್ಲಿ ಈ ಸೌಕರ್ಯವಿಲ್ಲ: ಅಲ್ಲಿ z = 1 + sT ಆದ್ದರಿಂದ s = −10 ಎಂಬಲ್ಲಿರುವ ನಿರುಪದ್ರವಿ ಪೋಲ್, T = 0.25 ಸೆಕೆಂಡ್ ಆದಾಗ z = −1.5 ಎಂಬಲ್ಲಿಗೆ, ವೃತ್ತದ ಹೊರಗೆ, ಹೋಗಿ ನಿಲ್ಲುತ್ತದೆ.

ಈಗ ಉದಾಹರಣೆಗೆ ಬರೋಣ. ಒಂದು ಡಿಸಿ ಮೋಟರಿನ ದಂಡವನ್ನು ಬೇಕಾದ ಕೋನಕ್ಕೆ ತಂದು ನಿಲ್ಲಿಸುವ ವ್ಯವಸ್ಥೆಯನ್ನು ತೆಗೆದುಕೊಳ್ಳೋಣ. ಮೋಟರಿನ ಮಾದರಿ ಮತ್ತು ಅದಕ್ಕೆ ಆರಿಸಿದ ಲೀಡ್ ನಿಯಂತ್ರಕ ಹೀಗಿವೆ:

```
G(s) = 10 / (s (s + 2))
C(s) = 5 (s + 2) / (s + 10)
```

ನಿಯಂತ್ರಕದ ಝೀರೋ ಮೋಟರಿನ ನಿಧಾನವಾದ ಪೋಲನ್ನು ರದ್ದು ಮಾಡುವುದರಿಂದ ಲೂಪಿನಲ್ಲಿ ಉಳಿಯುವುದು 50/(s(s+10)) ಮಾತ್ರ. ಮುಚ್ಚಿದ ಲೂಪಿನ ಗುಣಲಕ್ಷಣ ಸಮೀಕರಣ s² + 10s + 50 = 0, ಅದರ ಮೂಲಗಳು −5 ± 5j, ಡ್ಯಾಂಪಿಂಗ್ ಅನುಪಾತ 0.707. ಹಂತದ ಆದೇಶ ಕೊಟ್ಟರೆ ದಂಡವು ಗುರಿಯನ್ನು ಶೇಕಡಾ ನಾಲ್ಕರಷ್ಟು ಮಾತ್ರ ಮೀರಿ ಶಾಂತವಾಗುತ್ತದೆ. ಕಾಗದದ ಮೇಲೆ ಇದಕ್ಕಿಂತ ಸಭ್ಯವಾದ ವಿನ್ಯಾಸವನ್ನು ಕೇಳುವಂತಿಲ್ಲ.

ಮೊದಲು T = 0.1 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಆಗ 2/T = 20, ಮತ್ತು s ಇದ್ದಲ್ಲೆಲ್ಲ 20(z−1)/(z+1) ಹಾಕಿ ಛೇದವನ್ನು ಕಳೆದರೆ ಅಂಶದಲ್ಲಿ 20(z−1) + 2(z+1), ಛೇದದಲ್ಲಿ 20(z−1) + 10(z+1) ಉಳಿಯುತ್ತವೆ:

```
C(z) = 5 (22z - 18) / (30z - 10)
     = 3.667 (z - 0.8182) / (z - 0.3333)
```

ಇಲ್ಲಿ ನಿಂತು ಒಂದು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಬೈಲೀನಿಯರ್ ಪರಿವರ್ತನೆಯಲ್ಲಿ s = 0 ಎಂಬುದು z = 1 ಆಗುತ್ತದೆ, ಆದ್ದರಿಂದ C(s)ನ ಡಿಸಿ ಗೇನ್ ಮತ್ತು z = 1 ಹಾಕಿದಾಗ C(z)ನ ಬೆಲೆ ಒಂದೇ ಆಗಿರಬೇಕು. ಮೊದಲನೆಯದು 5 × 2/10 = 1; ಎರಡನೆಯದು 5 × 4/20 = 1. ಸಂಕಲನದ ತಪ್ಪುಗಳಲ್ಲಿ ಬಹುಪಾಲು ಈ ಅರ್ಧ ನಿಮಿಷದ ಲೆಕ್ಕದಲ್ಲೇ ಸಿಕ್ಕಿಬೀಳುತ್ತವೆ. ಮೈಕ್ರೋಕಂಟ್ರೋಲರ್‌ನಲ್ಲಿ ಬರೆಯಬೇಕಾದದ್ದು ಎರಡೇ ಸಾಲು:

```c
u = 0.33333f*u1 + 3.66667f*e - 3.0f*e1;
u1 = u;  e1 = e;
```

ಮುಂದಿನ ಹೆಜ್ಜೆಯಲ್ಲಿಯೇ ಹೆಚ್ಚಿನವರು ಎಡವುವುದು. ನಿಯಂತ್ರಕಕ್ಕೆ ಬೈಲೀನಿಯರ್ ಬಳಸಿದ ಮಾತ್ರಕ್ಕೆ ಮೋಟರಿಗೂ ಅದನ್ನೇ ಬಳಸಬಾರದು. ನಿಯಂತ್ರಕವು ನಾವು ಬರೆಯುವ ಪ್ರೋಗ್ರಾಂ, ಅದನ್ನು ಯಾವ ಅಂದಾಜಿನಿಂದ ಬೇಕಾದರೂ ಕಟ್ಟಬಹುದು. ಮೋಟರು ಮಾತ್ರ ನಮ್ಮ ಅಂದಾಜಿಗೆ ಕಾಯದೆ ತನ್ನಷ್ಟಕ್ಕೆ ತಿರುಗುವ ವಸ್ತು. ಡಿಜಿಟಲ್-ಅನಲಾಗ್ ಪರಿವರ್ತಕವು ಒಂದು ಸ್ಯಾಂಪಲ್‌ನಿಂದ ಮುಂದಿನ ಸ್ಯಾಂಪಲ್‌ವರೆಗೆ ವೋಲ್ಟೇಜನ್ನು ಹಾಗೇ ಹಿಡಿದಿಡುತ್ತದೆ, ಅಂದರೆ ಮೋಟರು ಕಾಣುವುದು ಮೆಟ್ಟಿಲುಗಳ ಆಕಾರದ ಸಂಕೇತವನ್ನು. ಇದನ್ನು ಝೀರೋ-ಆರ್ಡರ್ ಹೋಲ್ಡ್ ಎನ್ನುತ್ತಾರೆ, ಮತ್ತು ಇದರೊಂದಿಗೆ ಮೋಟರಿನ z-ರೂಪವನ್ನು ಅಂದಾಜಿಲ್ಲದೆ ನಿಖರವಾಗಿ ಕಂಡುಹಿಡಿಯಬಹುದು. T = 0.1 ಆದಾಗ ಅದು ಹೀಗಿರುತ್ತದೆ:

```
G(z) = 0.04683 (z + 0.9355) / ((z - 1)(z - 0.8187))
```

ಇಲ್ಲಿ ಒಂದು ಸೂಕ್ಷ್ಮ ಕಾಣಿಸುತ್ತದೆ. ಮೋಟರಿನ ಪೋಲ್ ಕುಳಿತಿರುವುದು e^(−0.2) = 0.8187 ಎಂಬಲ್ಲಿ, ನಿಯಂತ್ರಕದ ಝೀರೋ ಇರುವುದು 0.8182 ಎಂಬಲ್ಲಿ. ನಿರಂತರ ಕಾಲದಲ್ಲಿ ಪರಿಪೂರ್ಣವಾಗಿದ್ದ ರದ್ದತಿ ಈಗ ಕೂದಲೆಳೆಯಷ್ಟು ತಪ್ಪಿದೆ, ಏಕೆಂದರೆ ಒಂದನ್ನು ಘಾತಾಂಕ ಫಲನವೂ ಇನ್ನೊಂದನ್ನು ತ್ರಾಪಿಜ್ಯದ ಅಂದಾಜೂ ಕರೆತಂದಿವೆ. ಪೋಲ್ ವೃತ್ತದ ಒಳಗೇ ಇರುವುದರಿಂದ ನಮ್ಮ ಉದಾಹರಣೆಯಲ್ಲಿ ಇದು ಅಪಾಯವಲ್ಲ. ಆದರೆ ಅಸ್ಥಿರವಾದ ಪೋಲನ್ನು ಹೀಗೆ ರದ್ದು ಮಾಡಲು ಹೊರಟರೆ ಆ ಅಸ್ಥಿರತೆ ಲೂಪಿನೊಳಗೇ ಅಡಗಿ ಉಳಿಯುತ್ತದೆ; ನಾನಂತೂ ಅಂಥ ರದ್ದತಿಯನ್ನು ನಿರಂತರ ಕಾಲದಲ್ಲಿಯೂ ಒಪ್ಪುವುದಿಲ್ಲ.

ಸದ್ಯಕ್ಕೆ 0.82ರ ಬಳಿಯ ಈ ಜೋಡಿಯನ್ನು ಬಿಟ್ಟು ಉಳಿದದ್ದನ್ನು ಗುಣಿಸಿದರೆ, 1 + C(z)G(z) = 0 ಎಂಬುದರಿಂದ ಮುಚ್ಚಿದ ಲೂಪಿನ ಬಹುಪದಿ ದೊರೆಯುತ್ತದೆ:

```
P(z) = z^2 - 1.162 z + 0.494
```

ಎರಡನೇ ದರ್ಜೆಯ ಬಹುಪದಿಯ ಮೂಲಗಳೆಲ್ಲ ಏಕಮಾನ ವೃತ್ತದ ಒಳಗಿವೆಯೇ ಎಂದು ತಿಳಿಯಲು ಮೂಲಗಳನ್ನು ಬಿಡಿಸಬೇಕಾಗಿಲ್ಲ. ಎಲಿಯಾಹು ಜ್ಯೂರಿಯ ಹೆಸರಿನ ಪರೀಕ್ಷೆ ಮೂರು ಪ್ರಶ್ನೆ ಕೇಳುತ್ತದೆ: ಕೊನೆಯ ಸಹಗುಣಕದ ಪರಿಮಾಣ ಒಂದಕ್ಕಿಂತ ಕಡಿಮೆಯೇ, P(1) ಧನವೇ, P(−1) ಧನವೇ. ಇಲ್ಲಿ 0.494, 0.332 ಮತ್ತು 2.656, ಮೂರಕ್ಕೂ ಹೌದೆಂಬ ಉತ್ತರ. ಲೂಪ್ ಸ್ಥಿರವಾಗಿದೆ.

ಸ್ಥಿರ ಎಂಬ ಉತ್ತರ ಸಿಕ್ಕ ಕೂಡಲೇ ಕಾಗದ ಮಡಚಿಡುವುದು ಸರಿಯಲ್ಲ, ಏಕೆಂದರೆ ಮೂಲಗಳು ವೃತ್ತದೊಳಗೆ ಎಲ್ಲಿವೆ ಎಂಬುದೂ ಮುಖ್ಯ. ಅವು 0.581 ± 0.396j ಎಂಬಲ್ಲಿವೆ, ಕೇಂದ್ರದಿಂದ 0.703 ದೂರದಲ್ಲಿ. ನಿರಂತರ ವಿನ್ಯಾಸದ −5 ± 5j ಎಂಬುದು z = e^(sT) ಮೂಲಕ ಹಾಗೇ ಬಂದಿದ್ದರೆ ಈ ದೂರ 0.607 ಇರಬೇಕಿತ್ತು. ಸಿಕ್ಕ ಮೂಲಗಳನ್ನು ತಿರುಗಿಸಿ s-ಸಮತಲಕ್ಕೆ ಒಯ್ದರೆ ಡ್ಯಾಂಪಿಂಗ್ ಅನುಪಾತ 0.51ಕ್ಕೆ ಇಳಿದಿರುವುದು ತಿಳಿಯುತ್ತದೆ. ಶೇಕಡಾ ನಾಲ್ಕರಷ್ಟಿದ್ದ ಮಿತಿಮೀರುವಿಕೆ ಈಗ ಶೇಕಡಾ ಹದಿನೈದರ ಆಸುಪಾಸಿಗೆ ಏರಿದೆ. ನಿಯಂತ್ರಕದ ಪರಿವರ್ತನೆಯಲ್ಲಿ ತಪ್ಪೇನೂ ಆಗಿಲ್ಲದಿದ್ದರೂ ಲೂಪಿನ ನಡತೆ ಕೆಟ್ಟಿದೆ.

ಈಗ ಅದೇ ಲೆಕ್ಕವನ್ನು T = 0.6 ಸೆಕೆಂಡಿಗೆ ಮಾಡೋಣ. ನಿಯಂತ್ರಕ 2(z − 0.25)/(z + 0.5) ಆಗುತ್ತದೆ, ಅದರ ಪೋಲ್ −0.5ರಲ್ಲಿದೆ, ವೃತ್ತದ ಒಳಗೆ, ಬೈಲೀನಿಯರ್ ಕೊಟ್ಟ ಮಾತಿನಂತೆಯೇ. ಈ ಬಾರಿ ಝೀರೋ 0.25 ಮತ್ತು ಮೋಟರಿನ ಪೋಲ್ 0.301 ಎಂಬಷ್ಟು ದೂರವಾಗಿರುವುದರಿಂದ ರದ್ದತಿಯ ನೆಪ ಹೇಳುವಂತಿಲ್ಲ, ಮೂರನೇ ದರ್ಜೆಯ ಬಹುಪದಿಯನ್ನೇ ಇಟ್ಟುಕೊಳ್ಳಬೇಕು:

```
P(z) = z^3 + 1.705 z^2 + 0.711 z - 0.271
```

P(1) = 3.145, ಧನ. ದರ್ಜೆ ಬೆಸವಾದ್ದರಿಂದ P(−1) ಋಣವಾಗಿರಬೇಕು, ಅದು −0.277, ಸರಿ. ಕೊನೆಯ ಸಹಗುಣಕದ ಪರಿಮಾಣ 0.271, ಅದೂ ಸರಿ. ಅವಸರದಲ್ಲಿ ಇಲ್ಲಿಗೇ ನಿಲ್ಲಿಸಿದವರು ಲೂಪ್ ಸ್ಥಿರವೆಂದು ಬರೆದುಬಿಡುತ್ತಾರೆ. ಆದರೆ ಮೂರನೇ ದರ್ಜೆಗೆ ಜ್ಯೂರಿ ಪರೀಕ್ಷೆಯಲ್ಲಿ ನಾಲ್ಕನೆಯ ಪ್ರಶ್ನೆಯೊಂದಿದೆ. ಬಹುಪದಿಯನ್ನು z³ + a₂z² + a₁z + a₀ ಎಂದು ಬರೆದರೆ |a₀² − 1| ಎಂಬುದು |a₀a₂ − a₁| ಎಂಬುದಕ್ಕಿಂತ ದೊಡ್ಡದಾಗಿರಬೇಕು. ನಮ್ಮಲ್ಲಿ ಎಡಗಡೆ 0.926, ಬಲಗಡೆ 1.173. ಪರೀಕ್ಷೆ ಇಲ್ಲಿ ಸೋಲುತ್ತದೆ. ಮೂಲಗಳನ್ನು ಬಿಡಿಸಿ ನೋಡಿದರೆ ಒಂದು ಜೋಡಿ −0.969 ± 0.473j ಎಂಬಲ್ಲಿ, ಕೇಂದ್ರದಿಂದ 1.078 ದೂರದಲ್ಲಿದೆ, ಅಂದರೆ ಪ್ರತಿ ಸ್ಯಾಂಪಲ್‌ಗೂ ತೂಗಾಟ ಸುಮಾರು ಶೇಕಡಾ ಎಂಟರಷ್ಟು ಬೆಳೆಯುತ್ತ ಹೋಗುತ್ತದೆ. ಸ್ಥಿರವಾದ ನಿಯಂತ್ರಕ, ನಿರಂತರ ಕಾಲದಲ್ಲಿ ಸ್ಥಿರವಾಗಿದ್ದ ಲೂಪ್, ಆದರೂ ಅಸ್ಥಿರವಾದ ಡಿಜಿಟಲ್ ವ್ಯವಸ್ಥೆ.

ಹೀಗೇಕಾಯಿತು ಎಂಬುದಕ್ಕೆ ಕಾರಣ ಆ ಮೆಟ್ಟಿಲುಗಳಲ್ಲಿದೆ. ಹಿಡಿದಿಟ್ಟ ಸಂಕೇತವು ಸರಾಸರಿಯಲ್ಲಿ ಮೂಲ ಸಂಕೇತಕ್ಕಿಂತ ಅರ್ಧ ಸ್ಯಾಂಪಲ್ ಹಿಂದೆ ಬೀಳುತ್ತದೆ, ಅಂದರೆ ಲೂಪಿನೊಳಗೆ T/2 ಸೆಕೆಂಡಿನ ವಿಳಂಬವೊಂದು ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ನಮ್ಮ ನಿರಂತರ ಲೂಪಿನ ಗೇನ್ ಒಂದಕ್ಕೆ ಇಳಿಯುವ ಆವರ್ತನ 4.55 ರೇಡಿಯನ್/ಸೆಕೆಂಡ್, ಅಲ್ಲಿ ಫೇಸ್ ಮಾರ್ಜಿನ್ 65.5 ಡಿಗ್ರಿ. T = 0.1 ಆದಾಗ ಅರ್ಧ ಸ್ಯಾಂಪಲ್‌ನ ವಿಳಂಬ ಇದರಲ್ಲಿ 13 ಡಿಗ್ರಿಯನ್ನು ತಿನ್ನುತ್ತದೆ, ಉಳಿಯುವುದು 52, ಡ್ಯಾಂಪಿಂಗ್ 0.51ಕ್ಕೆ ಇಳಿದದ್ದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. T = 0.5 ಆದಾಗ ವಿಳಂಬ 65 ಡಿಗ್ರಿ ತಿನ್ನುತ್ತದೆ, ಉಳಿಯುವುದು ಬಹುತೇಕ ಸೊನ್ನೆ. z-ಸಮತಲದ ನಿಖರ ಲೆಕ್ಕವೂ ಇದನ್ನೇ ಹೇಳುತ್ತದೆ: T = 0.5ಕ್ಕೆ ಮೂಲಗಳ ದೂರ 0.988, ಹೆಸರಿಗೆ ಮಾತ್ರ ಸ್ಥಿರ. T = 0.6ಕ್ಕೆ 78 ಡಿಗ್ರಿ ಹೋಗಬೇಕು, ಇರುವುದು 65.5. ಹೀಗೆ T ಆರಿಸುವ ಮೊದಲೇ ಒಂದು ಸಾಲಿನ ಗುಣಾಕಾರದಿಂದ ಎಷ್ಟು ಅಪಾಯವಿದೆ ಎಂದು ಅಂದಾಜಿಸಬಹುದು, ಆಮೇಲೆ z-ಸಮತಲದಲ್ಲಿ ಖಚಿತಪಡಿಸಿಕೊಳ್ಳಬಹುದು. ಹಲವು ಬೆಲೆಗಳನ್ನು ಪರೀಕ್ಷಿಸಬೇಕಾದಾಗ ಕೈಲೆಕ್ಕದ ಬದಲು ಇಷ್ಟು ಸಾಕು:

```python
import numpy as np
from scipy.signal import cont2discrete
T = 0.6
nc, dc, _ = cont2discrete(([5, 10], [1, 10]), T, method='bilinear')
ng, dg, _ = cont2discrete(([10], [1, 2, 0]), T, method='zoh')
p = np.polyadd(np.polymul(dc, dg),
               np.polymul(nc.flatten(), ng.flatten()))
print(abs(np.roots(p)))
```

ನಿಯಂತ್ರಕಕ್ಕೆ `bilinear`, ಮೋಟರಿಗೆ `zoh` ಎಂಬ ವ್ಯತ್ಯಾಸವನ್ನು ಗಮನಿಸಬೇಕು. ಎರಡಕ್ಕೂ `bilinear` ಎಂದು ಬರೆದರೆ ಮೂಲಗಳು ಯಾವ T ಹಾಕಿದರೂ ವೃತ್ತದೊಳಗೇ ಬರುತ್ತವೆ. ಇಡೀ ಲೂಪನ್ನು ಒಟ್ಟಿಗೆ ಪರಿವರ್ತಿಸಿದಂತಾಗುವುದೇ ಅದಕ್ಕೆ ಕಾರಣ, ಮತ್ತು ಮೋಸ ಹೋಗುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ನಿಯಂತ್ರಕದ ಮಟ್ಟಿಗೆ ಭರವಸೆ ಪೂರ್ಣವೆಂದೆವಲ್ಲ, ಅಲ್ಲಿಯೂ ಒಂದು ಅಂಚು ಇದೆ. ದೂರಗಳ ಆ ಚಿತ್ರದಲ್ಲಿ s ಬಿಂದುವನ್ನು ಅನಂತಕ್ಕೆ ಒಯ್ದರೆ z ಹೋಗಿ ಮುಟ್ಟುವುದು −1 ಎಂಬ ಬಿಂದುವನ್ನು, ಅಂದರೆ ವೃತ್ತದ ಮೇಲೆಯೇ. ಶುದ್ಧ ಅವಕಲನ ಪದವಿರುವ ಪಿಡಿ ನಿಯಂತ್ರಕಕ್ಕೆ ಅನಂತದಲ್ಲಿ ಪೋಲ್ ಇರುವುದರಿಂದ ಪರಿವರ್ತನೆಯ ನಂತರ ಅದು z = −1ರಲ್ಲಿ ಬಂದು ಕೂರುತ್ತದೆ. ಆಗ ದೋಷ ಸಂಕೇತಕ್ಕೆ ಒಮ್ಮೆ ಪೆಟ್ಟು ಬಿದ್ದರೆ ನಿಯಂತ್ರಕದ ಅವಕಲನ ಭಾಗವು ಒಂದು ಸ್ಯಾಂಪಲ್‌ನಲ್ಲಿ ಮೇಲೆ, ಮುಂದಿನದರಲ್ಲಿ ಕೆಳಗೆ ಎಂದು ತಾನಾಗಿಯೇ ತೂಗುತ್ತಲೇ ಇರುತ್ತದೆ. ಇದನ್ನು ಗುರುತಿಸುವುದು ಸುಲಭ: ಮೋಟರಿನ ಕೋನ ನಯವಾಗಿದ್ದಾಗಲೂ ಆಸಿಲೋಸ್ಕೋಪಿನಲ್ಲಿ ನಿಯಂತ್ರಕದ ಔಟ್‌ಪುಟ್ ಸ್ಯಾಂಪ್ಲಿಂಗ್ ಆವರ್ತನದ ಅರ್ಧದಲ್ಲಿ ಗರಗಸದ ಹಲ್ಲಿನಂತೆ ಕಾಣಿಸುತ್ತದೆ. ಅವಕಲನ ಪದಕ್ಕೆ ಸೋಸುವ ಪೋಲೊಂದನ್ನು ಸೇರಿಸುವುದೇ ಪರಿಹಾರ. ನಮ್ಮ ಲೀಡ್ ನಿಯಂತ್ರಕದಲ್ಲಿ s = −10ರ ಪೋಲ್ ಆ ಕೆಲಸ ಮಾಡುತ್ತಿದೆ; ಆದರೂ T = 0.2 ದಾಟಿದ ಮೇಲೆ ಅದರ z-ಸ್ಥಾನ ಋಣ ಸಂಖ್ಯೆಯಾಗುತ್ತದೆ, ಮತ್ತು ಔಟ್‌ಪುಟ್‌ನಲ್ಲಿ ಇದೇ ಬಗೆಯ ನಡುಕ, ಬೇಗ ತಣಿಯುವಂಥದ್ದು, ಶುರುವಾಗುತ್ತದೆ.

ಅನಂತದವರೆಗಿನ ಕಾಲ್ಪನಿಕ ಅಕ್ಷವನ್ನೆಲ್ಲ ಒಂದೇ ವೃತ್ತಕ್ಕೆ ಸುತ್ತಿಡುವುದರಿಂದ ಆವರ್ತನಗಳೂ ಒತ್ತಿಕೊಳ್ಳುತ್ತವೆ. ಲೀಡ್ ನಿಯಂತ್ರಕದಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ; ನಮ್ಮ 4.55 ಎಂಬ ಆವರ್ತನ T = 0.1ರಲ್ಲಿ 4.47 ಆಗುತ್ತದೆ, ಅಷ್ಟೇ. ಆದರೆ ಯಂತ್ರದ ಅನುರಣನವನ್ನು ಅಡಗಿಸಲು 20 ಹರ್ಟ್ಸ್‌ಗೆ ನಾಚ್ ಫಿಲ್ಟರ್ ಇಟ್ಟು 100 ಹರ್ಟ್ಸ್‌ನಲ್ಲಿ ಸ್ಯಾಂಪಲ್ ಮಾಡಿದರೆ, ಆ ನಾಚ್ 17.9 ಹರ್ಟ್ಸ್‌ಗೆ ಜಾರಿ ಅನುರಣನವನ್ನು ಹಾಗೇ ಬಿಟ್ಟುಬಿಡುತ್ತದೆ. ಅಂಥಲ್ಲಿ 2/T ಬದಲು ω₀/tan(ω₀T/2) ಬಳಸಬೇಕು. ಈ ಉದಾಹರಣೆಯಲ್ಲಿ 200ರ ಜಾಗದಲ್ಲಿ 173 ಬರುತ್ತದೆ, ಮತ್ತು ನಾಚ್ ಸರಿಯಾಗಿ 20 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ.

ಕೊನೆಗೆ, ಇಲ್ಲಿಯವರೆಗಿನ ಎಲ್ಲ ಲೆಕ್ಕವೂ ಸ್ಯಾಂಪಲ್ ಓದಿದ ಕ್ಷಣವೇ ಔಟ್‌ಪುಟ್ ಹೊರಗೆ ಹೋಗುತ್ತದೆ ಎಂದು ನಂಬಿಕೊಂಡಿದೆ. ಅನೇಕ ಪ್ರೋಗ್ರಾಂಗಳಲ್ಲಿ ಹಾಗಾಗುವುದಿಲ್ಲ: ಈ ಅಡಚಣೆಯಲ್ಲಿ, ಅಂದರೆ ಇಂಟರಪ್ಟ್‌ನಲ್ಲಿ, ಲೆಕ್ಕ ಹಾಕಿದ ಬೆಲೆಯನ್ನು ಮುಂದಿನ ಇಂಟರಪ್ಟ್‌ನಲ್ಲಿ ಬರೆಯುವುದು ರೂಢಿ. ಆಗ ಲೂಪಿನಲ್ಲಿ ಪೂರ್ತಿ ಒಂದು ಸ್ಯಾಂಪಲ್‌ನ ವಿಳಂಬ, ಅಂದರೆ z⁻¹, ಹೆಚ್ಚಾಗಿ ಸೇರುತ್ತದೆ, ಮತ್ತು T = 0.1ರ ನಮ್ಮ ಬಹುಪದಿ ಹೀಗೆ ಬದಲಾಗುತ್ತದೆ:

```
P(z) = z^3 - 1.333 z^2 + 0.505 z + 0.161
```

ಜ್ಯೂರಿಯ ನಾಲ್ಕೂ ಪ್ರಶ್ನೆಗಳಿಗೆ ಇದು ಉತ್ತರ ಕೊಟ್ಟು ಪಾರಾಗುತ್ತದೆ; ಕೊನೆಯ ಪ್ರಶ್ನೆಯಲ್ಲಿ 0.974ಕ್ಕೆ ಎದುರಾಗಿ 0.719. ಆದರೆ ಮುಖ್ಯ ಮೂಲಗಳು ಕೇಂದ್ರದಿಂದ 0.90 ದೂರಕ್ಕೆ ಸರಿದಿರುತ್ತವೆ ಮತ್ತು ಡ್ಯಾಂಪಿಂಗ್ ಅನುಪಾತ 0.19 ಮಾತ್ರ ಉಳಿದಿರುತ್ತದೆ. 0.707 ಎಂದು ವಿನ್ಯಾಸ ಮಾಡಿದ ದಂಡವು ಗುರಿಯ ಸುತ್ತ ನಾಲ್ಕೈದು ಬಾರಿ ತೂಗಿ ನಿಲ್ಲುವುದನ್ನು ಕಂಡವರು ಸಹಗುಣಕಗಳಲ್ಲಿ ತಪ್ಪು ಹುಡುಕುವ ಮೊದಲು ಔಟ್‌ಪುಟ್ ಬರೆಯುವ ಸಾಲು ಇಂಟರಪ್ಟ್‌ನ ಯಾವ ಕಡೆಯಲ್ಲಿದೆ ಎಂದು ನೋಡಬೇಕು. ಅದನ್ನು ಲೆಕ್ಕ ಮುಗಿದ ತಕ್ಷಣಕ್ಕೆ ತರಲು ಸಾಧ್ಯವಾಗದಿದ್ದರೆ, T ಕಡಿಮೆ ಮಾಡಿ, ಆ z⁻¹ ಅನ್ನು ಬಹುಪದಿಯೊಳಗೆ ಇಟ್ಟುಕೊಂಡೇ ಮೂಲಗಳನ್ನು ಮತ್ತೆ ಬಿಡಿಸಬೇಕು.